ಬರಿತಲೆಯ ಅರ್ಜಿ

ಗಂಗಾವತಿಯ ಮುನ್ಸೀಫ ಕೋರ್ಟಿನ ಬಾಗಿಲ ಪಕ್ಕದ ಗೋಡೆಗೆ ಒಂದು ಗೂಟವಿತ್ತು. ಆ ಗೂಟಕ್ಕೆ ಸದಾ ಎರಡು ಮೂರು ಟೊಪ್ಪಿಗೆಗಳು ತೂಗುತ್ತಿದ್ದವು. ಎಣ್ಣೆ ಕುಡಿದು ಕರಿದಾದ, ಯಾರ ತಲೆಗೂ ಸರಿಯಾಗಿ ಕೂಡದ ಟೊಪ್ಪಿಗೆಗಳವು. ತಲೆಗೆ ಏನೂ ಇಲ್ಲದೆ ಬಂದ ಕಕ್ಷಿದಾರನಿಗೆ ಚಪರಾಸಿ ಅವುಗಳಲ್ಲಿ ಒಂದನ್ನು ಇಳಿಸಿ ಕೊಡುತ್ತಿದ್ದ. ಒಳಗೆ ಹೋಗಿ ಸಾಕ್ಷಿ ನುಡಿದು ಬಂದವನು ಅದನ್ನು ಮತ್ತೆ ಗೂಟಕ್ಕೆ ಸಿಕ್ಕಿಸಬೇಕು. ಇಡೀ ತಾಲೂಕಿನ ಹೇನುಗಳು ಅಲ್ಲಿ ಬಿಡಾರ ಹೂಡಿವೆ ಎಂದು ನಾವು ಹೊಸ ವಕೀಲರು ನಗುತ್ತಿದ್ದೆವು. ಈಗ ಆ ಗೂಟ ನೆನಪಾದರೆ ನಗು ಬರುವುದಿಲ್ಲ, ಸುಸ್ತಾಗುತ್ತದೆ. ನನ್ನ ವಕೀಲಿಯ ಅರ್ಧ ಆಯುಷ್ಯ ಯಾರ ತಲೆಯ ಮೇಲೆ ಏನಿರಬೇಕು ಎಂಬ ಜಗಳದಲ್ಲೇ ಕಳೆಯಿತೇನೋ ಅನ್ನಿಸುತ್ತದೆ.

ಆಗ ನಮ್ಮ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ, ಯಲಬುರ್ಗಾ ಜಹಗೀರಿನಲ್ಲಿದ್ದವು, ಗಂಗಾವತಿ, ಕುಷ್ಟಗಿ ನೇರ ಸರ್ಕಾರದ ಕೆಳಗಿದ್ದವು. ಕೋರ್ಟಿನ ಭಾಷೆ ಉರ್ದು. ನಾವು ವಕೀಲರು ಕುತ್ತಿಗೆಯವರೆಗೆ ಗುಂಡಿ ಹಾಕಿದ ಶೇರ್ವಾನಿ ತೊಟ್ಟು, ತಲೆಗೆ ಟೊಪ್ಪಿಗೆಯನ್ನೋ ರುಮಾಲನ್ನೋ ಇಟ್ಟುಕೊಂಡು ಹೋಗಬೇಕು. ಬೇಸಿಗೆಯಲ್ಲಿ ಆ ಶೇರ್ವಾನಿಯೊಳಗೆ ಬೆಂದು ಹೋಗುತ್ತಿದ್ದೆವು. ಕೊಪ್ಪಳದಲ್ಲಿ ನಮ್ಮಪ್ಪನದು ಅರಿವೆ ಅಂಗಡಿ. ಅಲ್ಲಿ ಧೋತರ, ತೋಳಿಲ್ಲದ ಬಂಡಿ ತೊಟ್ಟು ಹಾಯಾಗಿ ಕೂತು ಬೆಳೆದ ನನಗೆ ಆ ವೇಷ ಕೊನೆಯವರೆಗೂ ಒಗ್ಗಲಿಲ್ಲ. ಆದರೆ ಅದು ಉರ್ದುವಿನ ಹಾಗೆ, ಊಟ ಕೊಡುವ ವೇಷ ಎಂದು ಸುಮ್ಮನಿದ್ದೆ.

ಚಪರಾಸಿ ಮುಸಲ್ಮಾನ. ಊರಿನವನೇ, ಮನೆಯ ಹೊರಗೆಲ್ಲ ಕನ್ನಡವೇ ಅವನ ಮಾತು. ಸೊಂಟಕ್ಕೆ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ, ತಲೆಯ ಮೇಲೆ ಕರಿ ಗೊಂಡೆಯ ಕೆಂಪು ರೂಮಿ ಟೊಪ್ಪಿಗೆ. ದಿನಾ ಬೆಳಿಗ್ಗೆ ಬಂದವನೇ ಆ ಟೊಪ್ಪಿಗೆಯನ್ನು ತೆಗೆದು ಅಂಗೈಯಿಂದ ಧೂಳು ಕೊಡವಿ, ಗೊಂಡೆಯ ಎಳೆಗಳನ್ನು ಬೆರಳಿನಿಂದ ಬಾಚಿ, ಮತ್ತೆ ಇಟ್ಟುಕೊಳ್ಳುತ್ತಿದ್ದ. ಆಮೇಲೆಯೇ ಕೋರ್ಟಿನ ಬಾಗಿಲು ತೆರೆಯುವುದು. ಮುನ್ಸೀಫರು ಬಂದು ಹೋಗುವವರು, ತಾನು ಇರುವವನು ಎಂಬ ಠೀವಿ ಅವನದು.

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಮೊಹರಂ ರಜೆಗೆ ಕೋರ್ಟು ಮುಚ್ಚುವ ಹಿಂದಿನ ದಿನ, ಕನಕಗಿರಿ ದಾರಿಯ ಒಂದು ಹಳ್ಳಿಯಿಂದ ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಹುಡುಗ ಎಂದರೆ ಮೀಸೆ ಬಂದವನೇ, ಒಕ್ಕಲು ಮನೆತನದವನು. ತಲೆ ಬೋಳಿಸಿತ್ತು, ಕಾಲಲ್ಲಿ ಮೆಟ್ಟಿರಲಿಲ್ಲ. ಅವನ ಜೊತೆಗೆ ಅವನ ಸೋದರಮಾವ ಬಂದಿದ್ದ. ಹುಡುಗನ ಅಪ್ಪ ನನ್ನ ಕಕ್ಷಿದಾರ, ತನ್ನ ಹೊಲವನ್ನು ಒತ್ತಿಕೊಂಡ ತಮ್ಮನ ಮೇಲೆ ದಾವೆ ಹಾಕಿದ್ದವನು. ಅವನು ತೀರಿಕೊಂಡನಂತೆ.

ಕಕ್ಷಿದಾರ ಸತ್ತ ಗಳಿಗೆಗೆ ಅವನು ಬರೆದುಕೊಟ್ಟ ವಕಾಲತ್‌ನಾಮೆಯೂ ಸಾಯುತ್ತದೆ. ಆ ದಾವೆಯಲ್ಲಿ ಬಾಯಿ ತೆರೆಯಲು ನನಗೆ ಇನ್ನು ಅಧಿಕಾರವಿಲ್ಲ. ವಾರಸುದಾರ ಬಂದು, ಸತ್ತವನ ಜಾಗದಲ್ಲಿ ತನ್ನ ಹೆಸರು ಸೇರಿಸಿ ಎಂದು ಕೇಳಬೇಕು, ಹೊಸ ವಕಾಲತ್ತು ಕೊಡಬೇಕು. ಅದಕ್ಕೆ ಕಾನೂನಿನಲ್ಲಿ ಸಾಕಷ್ಟು ಕಾಲಾವಕಾಶವಿತ್ತು. ಆದರೆ ಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಕೋರ್ಟು ಮುಚ್ಚಿದ ಮರುದಿನವೇ ಹುಡುಗನ ಕಾಕಾ, ಅದೇ ಹೊಲ ಒತ್ತಿಕೊಂಡ ಚಿಕ್ಕಪ್ಪ, ಕೊಯ್ದು ರಾಶಿ ಮಾಡುವವನಿದ್ದ, ಆಳುಗಳಿಗೆ ಹೇಳಿಯೂ ಆಗಿತ್ತು. ತಡೆಯಾಜ್ಞೆ ಬೇಕೆಂದರೆ ಈ ಹುಡುಗ ಅವತ್ತೇ, ಮುನ್ಸೀಫರ ಎದುರು ನಿಂತು, ತಾನೇ ಬಾಯಿ ಬಿಟ್ಟು ಹಲಫು ಮಾಡಬೇಕಿತ್ತು, ಅಂದರೆ ಪ್ರಮಾಣ.

ಇಷ್ಟೇ ಆಗಿದ್ದರೆ ಅರ್ಧ ತಾಸಿನ ಕೆಲಸ. ಹುಡುಗ ದತ್ತಕ ಮಗ. ಸತ್ತವನಿಗೆ ಹೊಟ್ಟೆಯ ಮಕ್ಕಳಿರಲಿಲ್ಲ, ದೂರದ ಭಾಗಾದಿಗಳ, ಅಂದರೆ ದಾಯಾದಿಗಳ, ಮನೆಯಿಂದ ಇವನನ್ನು ಚಿಕ್ಕಂದಿನಲ್ಲೇ ತಂದು ಉಡಿಯಲ್ಲಿ ಹಾಕಿಕೊಂಡಿದ್ದ. ದತ್ತಕವೇ ಆಗಿಲ್ಲ, ಇವನು ಸಾಕಿದ ಆಳಷ್ಟೇ, ಅಣ್ಣನ ಆಸ್ತಿಗೆ ನಾನೇ ವಾರಸು ಎಂಬುದು ಕಾಕಾನ ವಾದ. ಕಾಗದಪತ್ರ ಏನೂ ಇರಲಿಲ್ಲ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ದತ್ತಕಕ್ಕೆ ಯಾರು ಕಾಗದ ಬರೆಸುತ್ತಾರೆ? ಕೊಟ್ಟವರು ಕೊಡುತ್ತಾರೆ, ತಗೊಂಡವರು ತಗೊಳ್ಳುತ್ತಾರೆ, ಊರು ಹುಗ್ಗಿ ಉಂಡು ಹೋಗುತ್ತದೆ.

ನಾನು ಅರ್ಜಿ ಬರೆದು ಮುಗಿಸಿ, ನಡಿಯಪ್ಪಾ ಎಂದು ಬಾಗಿಲಿಗೆ ಕರೆದುಕೊಂಡು ಹೋದೆ. ಚಪರಾಸಿ ಹುಡುಗನ ಬೋಳುತಲೆ ನೋಡಿದ. ಗೂಟದಿಂದ ಒಂದು ಟೊಪ್ಪಿಗೆ ಇಳಿಸಿ ಮುಂದೆ ಹಿಡಿದ. ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ನಾನು, ಹೇನಿಗೆ ಹೇಸಿದನೇನೋ ಎಂದುಕೊಂಡು ನನ್ನ ಟೊಪ್ಪಿಗೆಯನ್ನೇ ತೆಗೆದುಕೊಡಲು ಹೋದೆ. ಆಗ ಸೋದರಮಾವ ನನ್ನ ಕೈ ಹಿಡಿದ.

"ಬ್ಯಾಡ್ರಿ ವಕೀಲ್ರ. ಇನ್ನೂ ದಿನ ಆಗಿಲ್ಲ. ಈಗ ಇವನ ತಲಿ ಮುಚ್ಚಿದ್ರ ನಮ್ಮಕ್ಕನ ಗಂಡಗ ಮಗಾನ ಇಲ್ಲದಂಗ ಆಗ್ತೈತಿ."

ಅರಿವೆ ಅಂಗಡಿಯವನ ಮಗನಾದ ನನಗೆ ಆ ಪದ್ಧತಿಯ ಅಂಚಷ್ಟೇ ಗೊತ್ತಿತ್ತು. ಸೋದರಮಾವ ಬೇವಿನ ಮರದ ಕೆಳಗೆ ಕೂತು ಪೂರ್ತಿ ಹೇಳಿದ. ಅವರಲ್ಲಿ ಅಪ್ಪ ಸತ್ತಾಗ ಮಣ್ಣು ಕೊಟ್ಟ ಮಗ ತಲೆಗೆ ಏನೂ ಹಾಕುವುದಿಲ್ಲ, ಕಾಲಿಗೂ ಹಾಕುವುದಿಲ್ಲ. ದಿನ, ಅಂದರೆ ತಿಥಿ, ಮಾಡುವವರೆಗೆ ಹಾಗೆಯೇ ಇರಬೇಕು. ದಿನದಂದು ಎಡೆ ಇಟ್ಟಾದ ಮೇಲೆ, ಊರ ಹಿರಿಯರು ಕೂತಿರುವಾಗ, ಸೋದರಮಾವ ಹೊಸ ರುಮಾಲು ತಂದು ತನ್ನ ಕೈಯಾರೆ ಅವನ ತಲೆಗೆ ಸುತ್ತುತ್ತಾನೆ. ಅಲ್ಲಿಂದ ಅವನು ಆ ಮನೆಯ ಯಜಮಾನ. ಅಣ್ಣತಮ್ಮಂದಿರು, ಭಾಗಾದಿಗಳು ಸೂತಕ ಹಿಡಿದರೂ ರುಮಾಲು ತೆಗೆಯುವುದಿಲ್ಲ, ತೆಗೆಯುವವನು ಮಗನೊಬ್ಬನೇ. ಹಾಗಾಗಿ ಊರಿನಲ್ಲಿ ಬರಿತಲೆ ನೋಡಿದವರು ಇವನ ಅಪ್ಪ ಹೋದ ಎಂದು ತಿಳಿಯುತ್ತಾರೆ. ನಡುವೆ ತಲೆ ಮುಚ್ಚಿದರೆ ಅಪ್ಪನನ್ನು ನಡುದಾರಿಯಲ್ಲಿ ಬಿಟ್ಟ ಹಾಗೆ, ಆಮೇಲೆ ರುಮಾಲು ಸುತ್ತಲು ಯಾವ ಹಿರಿಯನೂ ಕೂಡುವುದಿಲ್ಲ.

ಎದುರು ವಕೀಲರು ಹಿರಿಯರು. ಕೊಪ್ಪಳದ ಕಡೆಯವರೇ, ತಲೆಯ ಮೇಲೆ ಜರಿಯಂಚಿನ ದೊಡ್ಡ ರುಮಾಲು. ಪಡಸಾಲೆಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರಿಗೆ ಆ ಪದ್ಧತಿ ನನಗಿಂತ ಚೆನ್ನಾಗಿ ಗೊತ್ತಿತ್ತು ಎಂಬುದು ಅವರ ಮುಖದಲ್ಲೇ ಕಂಡಿತು. ಹುಡುಗ ತಲೆ ಮುಚ್ಚದಿದ್ದರೆ ಕೋರ್ಟಿನ ಒಳಗೆ ಬರುವ ಹಾಗಿಲ್ಲ, ಹಲಫು ಇಲ್ಲ, ಜೋಳ ಕಾಕಾನ ಕಣಕ್ಕೆ. ಮುಚ್ಚಿದರೆ ಇನ್ನೂ ಒಳ್ಳೆಯದು. ಸತ್ತವನ ದಿನ ಆಗುವ ಮೊದಲೇ ತಲೆಗೆ ಟೊಪ್ಪಿಗೆ ಇಟ್ಟ ಎಂದು ಮಿಸಲಿನಲ್ಲಿ, ಅಂದರೆ ದಾವೆಯ ಕಡತದಲ್ಲಿ, ಬರೆಸಿ, ಮಗನಾದವನು ಹೀಗೆ ಮಾಡುತ್ತಾನೆಯೇ ಎಂದು ನಾಳೆ ಕೇಳುತ್ತಾರೆ. ಎರಡೂ ಕಡೆಯಿಂದ ಹಗ್ಗ ಬಿಗಿದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಚಪರಾಸಿಯ ಮೇಲೆ ರೇಗಿದೆ. ಪಾಪ, ಅವನದೇನು ತಪ್ಪು?

ಅವನು ಶಾಂತವಾಗಿಯೇ ಹೇಳಿದ. ಈ ಬಾಗಿಲಲ್ಲಿ ತಾನು ಯಾರ ಜಾತಿಯನ್ನೂ ಕೇಳಿದವನಲ್ಲ, ತಲೆಯನ್ನಷ್ಟೇ ನೋಡುವವನು. ಒಬ್ಬನನ್ನು ಬರಿತಲೆಯಲ್ಲಿ ಬಿಟ್ಟರೆ ನಾಳೆ ಎಲ್ಲರೂ ಬರುತ್ತಾರೆ. ಬಿಡುವುದಾದರೆ ಸಾಹೇಬರೇ ಬಿಡಲಿ. ಹಾಗೆಂದವನು ಒಳಗೆ ಹೋಗಿ ಹುಡುಗನಿಗೆ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಕಾಲು ಸುಡುತ್ತದೆ, ನೆರಳಿಗೆ ನಿಲ್ಲು ತಮ್ಮಾ ಎಂದ.

ಬಾಗಿಲಲ್ಲಿ ನಿಂತೇ ನಾನು ಇನ್ನೊಂದು ಅರ್ಜಿ ಬರೆದೆ. ಈ ಕಕ್ಷಿದಾರನನ್ನು ಬರಿತಲೆಯಲ್ಲಿ ಹಾಜರಾಗಲು ಬಿಡಬೇಕು ಎಂಬ ಅರ್ಜಿ. ವಕಾಲತ್ತೇ ಇಲ್ಲದ ವಕೀಲ ನಾನು, ಆದ್ದರಿಂದ ಹುಡುಗನ ಹೆಬ್ಬೆಟ್ಟು ಒತ್ತಿಸಿ ಅವನ ಹೆಸರಿನಲ್ಲೇ ಕಳಿಸಿದೆ. ಪೇಶ್ಕಾರ, ಅಂದರೆ ಮುನ್ಸೀಫರ ಪಕ್ಕ ಕೂತು ಮಿಸಲು ಓದುವ ಗುಮಾಸ್ತ, ಅದನ್ನು ಎರಡು ಸಲ ಓದಿ, ತಲೆಯ ಬಗ್ಗೆ ಅರ್ಜಿ ಬಂದದ್ದು ಇದೇ ಮೊದಲು ಎಂದ.

ಮುನ್ಸೀಫರು ಹೈದರಾಬಾದಿನವರು. ನಡುವಯಸ್ಸು, ಸದಾ ನೆಗಡಿ. ತಲೆಯ ಮೇಲಿನ ದಸ್ತಾರು, ಅದೇ ಸರ್ಕಾರಿ ಪಗಡಿ, ಅವರಿಗೆ ಭಾರವಾಗುತ್ತಿತ್ತೋ ಏನೋ, ಆಗಾಗ ಹಣೆಯಿಂದ ಮೇಲೆ ಸರಿಸಿಕೊಳ್ಳುತ್ತಿದ್ದರು. ವಾದಿಸಲು ನನಗೆ ಅಧಿಕಾರವಿಲ್ಲದಿದ್ದರೂ, ಕೋರ್ಟಿಗೆ ಪದ್ಧತಿ ತಿಳಿಸಿಕೊಡಲು ಮಾತ್ರ ಮಾತಾಡಿ ಎಂದು ಅಪ್ಪಣೆ ಕೊಟ್ಟರು. ಹಿರಿಯ ವಕೀಲರು ಮೊದಲು ಎದ್ದರು. ಕೋರ್ಟಿನ ಮರ್ಯಾದೆ ಎಲ್ಲರಿಗೂ ಒಂದೇ, ಹಿಂದುವಿಗೆ ಒಂದು ಮುಸಲ್ಮಾನನಿಗೆ ಒಂದು ಆಗಕೂಡದು, ಇವತ್ತು ಬರಿತಲೆ ಧರ್ಮವೆಂದರೆ ನಾಳೆ ಬರಿಮೈ ಧರ್ಮವೆಂದು ಬೈರಾಗಿ ಬಂದು ನಿಲ್ಲುತ್ತಾನೆ ಎಂದರು. ಚೆನ್ನಾಗಿಯೇ ಹೇಳಿದರು. ಪೇಶ್ಕಾರ ನಕ್ಕ.

ನನಗೆ ಕುಷ್ಟಗಿ ನೆನಪಾಯಿತು. ಅಲ್ಲಿಯ ಒಂದು ದೇಸಾಯರ ಮನೆಯಲ್ಲಿ ಹೆಂಗಸರು ಗೋಷಾದಲ್ಲಿರುತ್ತಿದ್ದರು. ಹಿಂದುಗಳೇ, ಆದರೂ ಪರಪುರುಷರ ಎದುರು ಬರುತ್ತಿರಲಿಲ್ಲ. ಆ ಮನೆಯ ಹಿರಿಯ ಹೆಂಗಸಿನ ಹೇಳಿಕೆ ಬೇಕಾದಾಗ ಕೋರ್ಟೇ ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಮನೆಗೆ ಕಳಿಸಿತ್ತು. ಅವರ ಜೊತೆ ಹೇಳಿಕೆ ಬರೆದುಕೊಳ್ಳಲು ಹೋದವನು ನಾನು. ನಡುವೆ ಪರದೆ ಕಟ್ಟಿತ್ತು. ಒಳಗಿರುವವಳು ಅವಳೇ ಎಂದು ಯಾರು ಹೇಳಬೇಕು? ಅವಳ ತಮ್ಮ ಪರದೆಯ ಒಳಗೆ ಹೋಗಿ ನೋಡಿ, ಹೊರಗೆ ಬಂದು, ಇವಳು ನನ್ನ ಅಕ್ಕ, ದನಿಯೂ ಅವಳದೇ ಎಂದು ಹಲಫು ಮಾಡಿದ. ಪ್ರಶ್ನೆ ಈಚೆಯಿಂದ, ಉತ್ತರ ಆಚೆಯಿಂದ. ಕೊನೆಗೆ ಕಾಗದ ಪರದೆಯ ಕೆಳಗೆ ಹೋಗಿ ಹೆಬ್ಬೆಟ್ಟು ಹೊತ್ತು ವಾಪಸು ಬಂತು. ಇಷ್ಟೆಲ್ಲ ಒಬ್ಬ ಹೆಂಗಸಿನ ಮುಸುಕಿಗೆ ಕಾನೂನು ಕೊಟ್ಟ ಮರ್ಯಾದೆ. ಮುಖವೇ ಕಾಣದಿದ್ದರೂ ಕೋರ್ಟಿನ ಗೌರವಕ್ಕೆ ಕುಂದು ಬರಲಿಲ್ಲ, ಹಾಗಿದ್ದರೆ ತಲೆ ಕಂಡರೆ ಹೇಗೆ ಕುಂದು ಬಂದೀತು ಎಂದು ಕೇಳಿದೆ.

ಅದು ಕಾನೂನಿನಲ್ಲಿ ಬರೆದ ವಿನಾಯಿತಿ, ಇದು ಬರೆದಿಲ್ಲ ಎಂದು ಹಿರಿಯರು ಕೂತಲ್ಲೇ ಹೇಳಿದರು. ಅದೂ ನಿಜವೇ.

ಮುನ್ಸೀಫರು ಮೂಗು ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದರು. ತಲೆ ಮುಚ್ಚುವುದನ್ನು ಕೋರ್ಟು ಕೇಳುವುದು ಗೌರವಕ್ಕೆ. ಈ ಹುಡುಗ ತಲೆ ಬಿಟ್ಟಿರುವುದು ಯಾಕೆ? ಗೌರವಕ್ಕೇ, ಸತ್ತವನ ಗೌರವಕ್ಕೆ, ಎಂದೆ. ಅವರು, ಹಾಗಾದರೆ ಸತ್ತವನ ಜೊತೆ ಪೈಪೋಟಿಗೆ ಇಳಿಯುವ ಕೋರ್ಟು ಇದಲ್ಲ ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿ ಬರೆಸತೊಡಗಿದರು. ಅರ್ಜಿದಾರ ತಂದೆಯ ಸೂತಕದಲ್ಲಿ ಮಗನಾಗಿ ಬರಿತಲೆಯಲ್ಲಿ ಇರುವುದರಿಂದ ಎಂಬಲ್ಲಿಗೆ ಬರುವಷ್ಟರಲ್ಲಿ ಹಿರಿಯರು ಥಟ್ಟನೆ ಎದ್ದರು. ಮಗನೋ ಅಲ್ಲವೋ ಎಂಬುದೇ ದಾವೆ, ಮಗನಾಗಿ ಎಂದು ಹುಜೂರರು ಈಗಲೇ ಬರೆದರೆ ದಾವೆ ಮುಗಿದ ಹಾಗೆ ಎಂದರು.

ಬರಿತಲೆ ಬರಿ ತಲೆಯಲ್ಲ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಅದನ್ನು ಹಕ್ಕು ಎಂದು ಒಪ್ಪಬೇಕಾದರೆ ಅದರ ಅರ್ಥವನ್ನೂ ಒಪ್ಪಬೇಕು, ಅರ್ಥ ಒಪ್ಪಿದರೆ ಹೊಲವೇ ಹೋಗುತ್ತದೆ. ಇಬ್ಬರು ವಕೀಲರ, ಒಬ್ಬ ಮುನ್ಸೀಫರ ಮೆದುಳು ಅಲ್ಲಿ ಸಿಕ್ಕಿಬಿದ್ದಿತ್ತು. ನನಗೆ ಕಾಕಾ ಕಣ್ಣಿಗೆ ಬಿದ್ದ. ಮೂಲೆಯಲ್ಲಿ ಹಸಿರು ರುಮಾಲು ಸುತ್ತಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ನಿಂತಿದ್ದ. ಹುಡುಗ ಮಗನಲ್ಲದಿದ್ದರೆ ಸತ್ತವನಿಗೆ ಮಣ್ಣು ಕೊಟ್ಟು ತಲೆ ಬಿಡಬೇಕಾದವರು ಯಾರು ಎಂದು ಕೇಳಿದೆ. ವಾರಸು ತಾನೇ ಎನ್ನುವವನ ತಲೆಯ ಮೇಲೆ ರುಮಾಲು ಹೇಗೆ ಬಂತು?

ಕಾಕಾನ ಕೈ ತಾನಾಗಿಯೇ ರುಮಾಲಿಗೆ ಹೋಯಿತು. ಮುನ್ಸೀಫರು ನೋಡಿದರು, ನಗಲಿಲ್ಲ. ಕೊನೆಗೆ ಅವರು ಬರೆಸಿದ್ದು ಹೀಗೆ: ಅರ್ಜಿದಾರ ತಾನು ಹೇಳುವ ಪದ್ಧತಿಯ ಪ್ರಕಾರ ಬರಿತಲೆಯಲ್ಲಿದ್ದಾನೆ, ಕೋರ್ಟು ಇದರಲ್ಲಿ ಅವಮರ್ಯಾದೆ ಕಾಣುವುದಿಲ್ಲ, ಅವನು ಯಾರ ಮಗ ಎಂಬುದನ್ನು ಈ ಹುಕುಂ ತೀರ್ಮಾನಿಸುವುದಿಲ್ಲ. ಅವನು ಹೊಸ್ತಿಲ ಒಳಗೆ ಒಂದು ಹೆಜ್ಜೆ ಇಟ್ಟು ಅಲ್ಲಿಂದಲೇ ಹಲಫು ಮಾಡಲಿ.

ಎಲ್ಲರಿಗೂ ಅರ್ಧರ್ಧ. ಹುಡುಗ ಹೊಸ್ತಿಲ ಬಳಿ ಕೈಮುಗಿದು ನಿಂತು ಪ್ರಮಾಣ ಮಾಡಿದ. ಜೋಳವನ್ನು ಕೋರ್ಟಿನ ಅಮೀನ ನಿಂತು ಕೊಯ್ಯಿಸಿ ಊರಿನವರ ಸುಪರ್ದಿಗೆ ಕೊಡಬೇಕೆಂದು ಹುಕುಂ ಆಯಿತು. ಹೊರಗೆ ಬಂದ ಮೇಲೆ ಗೆದ್ದೆವು ಎಂದು ನಾನು ಹಿಗ್ಗಿದೆ. ಸೋದರಮಾವನ ಮುಖ ಸಣ್ಣದಾಗಿತ್ತು. ತಮ್ಮ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಅವನಿಗೆ ಹಿಡಿಸಿರಲಿಲ್ಲ. ಅದೇ ಅಂಗಳದ ಅಂಚಿನಲ್ಲಿ ಹರಿಜನ ಕೇರಿಯ ಸಾಕ್ಷಿಗಳು ಕೂತಿದ್ದರು. ತಮ್ಮ ಊರಿನ ಗೌಡ ಹಾದುಹೋದಾಗ ತಲೆವಸ್ತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು, ಕೋರ್ಟಿನೊಳಗೆ ಕೂಗಿದಾಗ ಅವಸರದಲ್ಲಿ ಮತ್ತೆ ಸುತ್ತಿಕೊಳ್ಳುತ್ತಿದ್ದರು. ಅವರ ತಲೆಯ ಬಗ್ಗೆ ಯಾರೂ ಅರ್ಜಿ ಬರೆದಿರಲಿಲ್ಲ. ಅವತ್ತು ನನ್ನ ಸೀಸದ ಕಡ್ಡಿಯೂ ಸವೆದುಹೋಗಿತ್ತು, ಬರೆಯುವ ಮನಸ್ಸೂ ಬರಲಿಲ್ಲ.

ರಜೆ ಮುಗಿದ ಮೇಲೆ ಒಂದು ತಮಾಷೆ ನಡೆಯಿತು. ಕಾಕಾ ಬೋಳುತಲೆ ಮಾಡಿಸಿಕೊಂಡು, ಬರಿತಲೆಯಲ್ಲಿ ಬಂದು ನಿಂತ. ಯಾರು ಕಲಿಸಿಕೊಟ್ಟರೋ. ಅಷ್ಟರಲ್ಲಿ ದಿನ ಆಗಿ, ಹುಡುಗನಿಗೆ ರುಮಾಲು ಸುತ್ತಿಯೂ ಆಗಿತ್ತು. ಊರವರೆಲ್ಲ ಮುಸಿಮುಸಿ ನಕ್ಕರು. ಚಪರಾಸಿ ಮಾತ್ರ ಗಂಭೀರವಾಗಿ ಗೂಟದಿಂದ ಎಲ್ಲಕ್ಕಿಂತ ಕೊಳಕಾದ ಟೊಪ್ಪಿಗೆಯನ್ನು ಇಳಿಸಿ ಕಾಕಾನ ಕೈಗಿಟ್ಟ. ಕಾಕಾ ಹಾಕಿಕೊಂಡು ಒಳಗೆ ಹೋದ.

ದಾವೆ ನಮ್ಮ ದಾವೆಗಳ ಹಾಗೆಯೇ ಎಳೆಯಿತು. ದತ್ತಕ ಕೊಟ್ಟದ್ದನ್ನು ಕಂಡ ಮುದುಕರಲ್ಲಿ ಕೆಲವರು ಸತ್ತರು, ಮುನ್ಸೀಫರಿಗೆ ವರ್ಗವಾಯಿತು, ಅವರ ಜಾಗಕ್ಕೆ ಬಂದವರಿಗೂ ವರ್ಗವಾಯಿತು. ನಡುವೆ ಹಾಳು ಕಾಲ ಬಂತು. ಇಂಡಿಯಾಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸಂಸ್ಥಾನ ಸೇರದೆ ಉಳಿದ ಆ ವರ್ಷ ಬಿಳಿ ಖಾದಿ ಟೊಪ್ಪಿಗೆ ಹಾಕಿದವನ ಗತಿ ಕೇಳಬಾರದು. ನನ್ನ ಪರಿಚಯದ ಮಾಸ್ತರರೊಬ್ಬರನ್ನು ಸಂಸ್ಥಾನದ ಕಡೆಯ ಪುಂಡರು ಹಿಟ್ನಾಳದ ಹತ್ತಿರ ಮೋಟಾರಿನಿಂದ ಇಳಿಸಿ, ಟೊಪ್ಪಿಗೆ ಕಿತ್ತು ಸುಟ್ಟು, ಬೂದಿ ತುಳಿಸಿದರು. ಅಳವಂಡಿಯ ಕಡೆ ಹೋಗುವಾಗ ನಾನು ನನ್ನ ಬಿಳಿ ಟೊಪ್ಪಿಗೆಯನ್ನು ಚೀಲದಲ್ಲಿಟ್ಟು ಕರಿಯದನ್ನು ಹಾಕಿಕೊಳ್ಳುತ್ತಿದ್ದೆ. ಹೆದರಿಕೆಯೇ, ಇನ್ನೇನು? ಒಂದು ಮೊಳ ಬಟ್ಟೆಗೆ ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆಂದು ನಮ್ಮಪ್ಪ, ಆಯುಷ್ಯವೆಲ್ಲ ಬಟ್ಟೆ ಹರಿದು ಮಾರಿದವನು, ಕೇಳುತ್ತಿದ್ದ.

ಆಮೇಲೆ ಇಂಡಿಯಾದ ಸೈನ್ಯ ಬಂತು, ಸಂಸ್ಥಾನ ಹೋಯಿತು. ಬಿಳಿ ಟೊಪ್ಪಿಗೆಗಳು ಪೆಟ್ಟಿಗೆಯಿಂದ ಹೊರಬಂದವು, ಯಾವತ್ತೂ ಹಾಕದವರೂ ಹಾಕಿಕೊಂಡರು. ಈಗ ಬೆದರಿಕೆ ಇನ್ನೊಂದು ಕಡೆ ತಿರುಗಿತ್ತು. ಕೆಂಪು ರೂಮಿ ಟೊಪ್ಪಿಗೆ ಕಂಡರೆ ಹಾದಿಯಲ್ಲಿ ನಿಲ್ಲಿಸುತ್ತಿದ್ದರು. ಏನೇನು ಆಯಿತೆಂದು ಬರೆಯಲು ನನಗೆ ಮನಸ್ಸಿಲ್ಲ. ಕೋರ್ಟು ಮತ್ತೆ ತೆರೆದಾಗ ಗೋಡೆಯ ಗೂಟ ಖಾಲಿಯಾಗಿತ್ತು. ಚಪರಾಸಿ ಬಾಗಿಲಲ್ಲೇ ನಿಂತಿದ್ದ, ಅದೇ ಕೆಂಪು ಪಟ್ಟಿ, ಅದೇ ಬಿಲ್ಲೆ. ತಲೆ ಬರಿದಾಗಿತ್ತು. ಆ ತಲೆಯನ್ನು ನಾನು ಅಷ್ಟು ವರ್ಷಗಳಲ್ಲಿ ಬೆಳಗಿನ ಆ ಒಂದು ಗಳಿಗೆ ಬಿಟ್ಟರೆ ನೋಡಿರಲಿಲ್ಲ. ನೆತ್ತಿಯ ಸುತ್ತ ಟೊಪ್ಪಿಗೆಯ ಅಂಚು ಒತ್ತಿದ ಗುರುತು ಹಾಗೆಯೇ ಇತ್ತು.

ಹೊಸ ಮುನ್ಸೀಫರು ನಮ್ಮವರೇ, ಕನ್ನಡದವರು, ಒಳ್ಳೆಯವರು. ಅವರ ಕೋಣೆಗೆ ಹೋಗಿ, ಚಪರಾಸಿ ತನ್ನ ಟೊಪ್ಪಿಗೆ ಹಾಕಿಕೊಳ್ಳಲು ಅಪ್ಪಣೆಯಾಗಬೇಕು ಎಂದೆ. ಅವರಿಗೆ ಆಶ್ಚರ್ಯವಾಯಿತು. ಬೇಡ ಎಂದವರು ಯಾರು? ಆದೇಶವೆಲ್ಲಿದೆ? ತಲೆ ಮುಚ್ಚಬೇಕೆಂಬ ಹಳೆಯ ಕಟ್ಟಳೆ ಹೋಗಿದೆ, ಮುಚ್ಚಬಾರದೆಂಬ ಹೊಸದೇನೂ ಬಂದಿಲ್ಲ, ಈಗ ಎಲ್ಲರೂ ಸ್ವತಂತ್ರರು, ಧಾರಾಳವಾಗಿ ಹಾಕಿಕೊಳ್ಳಲಿ ಎಂದರು. ಮಾತು ಪೂರ್ತಿ ಸರಿಯಾಗಿತ್ತು. ಆದೇಶವಿದ್ದರೆ ಅದರ ಮೇಲೆ ಅರ್ಜಿ ಬರೆಯಬಹುದು, ವಾದ ಮಾಡಬಹುದು, ಅರ್ಧವಾದರೂ ಗಿಟ್ಟಿಸಬಹುದು. ಇಲ್ಲದ ಆದೇಶವನ್ನು ಯಾವ ವಕೀಲ ರದ್ದು ಮಾಡಿಸುತ್ತಾನೆ?

ಬಂದು ಚಪರಾಸಿಗೆ ಹೇಳಿದೆ. ಅವನು ಕೈ ಎತ್ತಿ ಸಲಾಮು ಮಾಡಿದ.

"ಕೋರ್ಟಿನಾಗ ಹಾಕ್ಕೋಬಹುದ್ರಿ ವಕೀಲ್ ಸಾಬ್. ಮನಿಗೆ ಹೋಗೋ ಹಾದಿ ಕೋರ್ಟಿನೊಳಗ ಇಲ್ಲಲ್ರಿ."

ಟೊಪ್ಪಿಗೆ ಎಲ್ಲಿದೆ ಎಂದೆ. ಹೆಂಡತಿ ಹಳೆಯ ಅರಿವೆಯಲ್ಲಿ ಸುತ್ತಿ ಹಿಟ್ಟಿನ ಗಡಿಗೆಯ ಹಿಂದೆ ಇಟ್ಟಿದ್ದಾಳೆ ಎಂದ.

ಮುಂದೆ ಕೆಲವು ತಿಂಗಳಿಗೆ ನಮ್ಮ ದಾವೆಯ ತೀರ್ಪಿನ ತಾರೀಖು ಬಂತು. ಹುಡುಗ, ಈಗ ಎರಡು ಮಕ್ಕಳ ತಂದೆ, ಸೋದರಮಾವ ಅಂದು ಸುತ್ತಿದ ರುಮಾಲನ್ನೇ ಒಗೆದು ಸುತ್ತಿಕೊಂಡು ಬಂದಿದ್ದ. ತನ್ನ ಅವ್ವ, ಸತ್ತವನ ಹೆಂಡತಿ, ಊರಲ್ಲಿ ಅನ್ನ ನೀರು ಬಿಟ್ಟು ಕೂತಿದ್ದಾಳೆಂದ. ಸೋತರೆ ಅವರಿಬ್ಬರೂ ಆ ಮನೆಯ ಹೊಸ್ತಿಲು ದಾಟಿ ಹೊರಬರಬೇಕಿತ್ತು. ಮುನ್ಸೀಫರು ಓದಿದರು. ಕೊಟ್ಟದ್ದು, ತಗೊಂಡದ್ದು, ಎರಡನ್ನೂ ಕಣ್ಣಾರೆ ಕಂಡ ಒಬ್ಬ ಮುದುಕನ ಸಾಕ್ಷಿ ನಂಬಲು ಅರ್ಹವಾಗಿದೆ, ಆದ್ದರಿಂದ ದತ್ತಕ ಸಿದ್ಧವಾಗಿದೆ. ಇನ್ನು ಸೂತಕದಲ್ಲಿ ಬರಿತಲೆಯಲ್ಲಿ ಇದ್ದದ್ದು, ಆಮೇಲೆ ರುಮಾಲು ಸುತ್ತಿದ್ದು ಎಂಬ ವಿಷಯದಲ್ಲಿ ಎರಡೂ ಕಡೆಯವರು ಬಹಳ ವಾದಿಸಿದ್ದಾರೆ. ಸಾಕಿದ ಆಳೂ ಪ್ರೀತಿಯಿಂದ ಹಾಗೆ ಮಾಡಬಹುದು, ಹೊಟ್ಟೆಯ ಮಗನೂ ಮಾಡದೆ ಇರಬಹುದು, ಅದಕ್ಕೆ ತಾವು ತೂಕ ಕೊಡುವುದಿಲ್ಲ.

ಒಂದು ವಾಕ್ಯ. ಅಂದಿನ ನಮ್ಮ ಕೂಗಾಟ, ನೆಗಡಿಯ ಮುನ್ಸೀಫರ ಹುಕುಂ, ಕಾಕಾನ ಬೋಳುತಲೆ, ಎಲ್ಲ ಆ ಒಂದು ವಾಕ್ಯದಲ್ಲಿ ಕಸಕ್ಕೆ ಹೋಯಿತು. ತೀರ್ಪು ಸರಿಯಾಗಿಯೇ ಇತ್ತು. ಹಿರಿಯ ವಕೀಲರು ನನ್ನ ಕಡೆ ನೋಡಿ, ಸುಮ್ಮನೆ ಅಷ್ಟು ಗಂಟಲು ಹರಕೊಂಡೆವಲ್ಲೋ ಎಂದರು. ಅವರಿಗೂ ವಯಸ್ಸಾಗಿತ್ತು.

ನನ್ನ ಕಕ್ಷಿದಾರನಿಗೆ ಕೊನೆಯ ಮಾತು ಕೇಳಿಸಿತ್ತೋ ಇಲ್ಲವೋ. ಹೊಲ ಉಳಿಯಿತು ಎಂದಷ್ಟೇ ತಿಳಿದು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ. ಬಾಗಿಲಲ್ಲಿ ನಿಂತ. ಕೋರ್ಟು ಮತ್ತೆ ತೆರೆದ ಮೇಲೆ ಅವನು ಬಂದದ್ದು ಅದೇ ಮೊದಲು, ಒಳಗೆ ಹೋಗುವಾಗ ದಿಗಿಲಿನಲ್ಲಿ ಯಾರನ್ನೂ ನೋಡಿರಲಿಲ್ಲ. ಹಿಂದೆ ನೀರು ಕೊಟ್ಟ ಚಪರಾಸಿಯ ಗುರುತು ಅವನಿಗೆ ಚೆನ್ನಾಗಿತ್ತು. ಅವನ ಬರಿತಲೆ ನೋಡಿದ, ಮೆಟ್ಟು ಹೊರಗೆ ಬಿಟ್ಟಿದ್ದ ಬರಿಗಾಲು ನೋಡಿದ, ಮತ್ತೆ ತಲೆ ನೋಡಿದ. ಅವನ ಮುಖದ ಸಂತೋಷವೆಲ್ಲ ಇಳಿದುಹೋಯಿತು. ಹತ್ತಿರ ಹೋಗಿ, ನಮ್ಮ ಕಡೆ ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ, ಮೆಲ್ಲಗೆ ಕೇಳಿದ.

"ಯಾವಾಗ ಹೋದ್ರಿ ಚಾಚಾ, ನಿಮ್ಮಪ್ಪಾರು?"

ಚಪರಾಸಿಯ ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ಅವನ ಕೈ ಗೊಂಡೆ ಇದ್ದ ಜಾಗಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ಕೆಳಗೆ ಬಂತು. ಮುಂದಿನ ದಾವೆಯವರ ಹೆಸರು ಕೂಗುತ್ತ ಒಳಗೆ ಹೋದ.

ಬೇವಿನ ಮರದವರೆಗೆ ನಾವಿಬ್ಬರೂ ಬಂದೆವು. ಅಲ್ಲಿ ನಾನು ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಸತ್ತಿಲ್ಲ, ಟೊಪ್ಪಿಗೆ ಹಾಕಿಕೊಂಡರೆ ಹಾದಿಯಲ್ಲಿ ಮಂದಿ ಬಿಡುವುದಿಲ್ಲ, ಅದಕ್ಕೇ ಹೀಗೆ ನಿಂತಿದ್ದಾನೆ. ಅವನು ಕೇಳಿದ, ರುಮಾಲಿನ ಚುಂಗು ಬಿಚ್ಚಿ ಮತ್ತೆ ಸಿಕ್ಕಿಸಿಕೊಂಡ. ಅವನಿಗೆ ಅರ್ಥವಾಗದೆ ಉಳಿದದ್ದು ಒಂದೇ ಒಂದು.

"ಯಾರೂ ಸತ್ತಿಲ್ಲಂದ್ರ, ಅವರ ತಲಿಗಿ ತಿರುಗಿ ಸುತ್ತೋ ದಿನ ಯಾವಾಗ ಬರ್ತೈತ್ರಿ?"

ವಕೀಲನಾದ ಮೇಲೆ ಕಕ್ಷಿದಾರನ ಪ್ರಶ್ನೆಗೆ ಏನಾದರೂ ಒಂದು ಉತ್ತರ ಕೊಟ್ಟು ಕಳಿಸುವುದು ನನ್ನ ರೂಢಿ. ಅವತ್ತು ಬಿಸಿಲು ಬಹಳವಿತ್ತು. ನಿನ್ನ ಅವ್ವ ಹಸಿದು ಕೂತಿದ್ದಾಳೆ, ಮೊದಲು ಊರಿಗೆ ನಡಿ ಎಂದೆ.